ಪಥ್ಯದ ಚೀಟಿ ಮೂರು, ಊಟದ ತಟ್ಟೆ ಒಂದೇ

ಸಕ್ಕರೆ ಕಾಯಿಲೆ ಬಂದು ಹತ್ತು ಹದಿನೈದು ವರ್ಷ ಕಳೆದವರಲ್ಲಿ ಕಿಡ್ನಿಯ ತೊಂದರೆ, ಹೃದಯದ ತೊಂದರೆ ಎರಡೂ ಜೊತೆಗೂಡುವುದು ಅಪರೂಪವಲ್ಲ. ಆಗ ಮನೆಯಲ್ಲಿ ಮೂವರು ವೈದ್ಯರ ಮೂರು ಪಥ್ಯದ ಚೀಟಿಗಳು ಸೇರುತ್ತವೆ. ಅನ್ನ ಕಡಿಮೆ ಮಾಡಿ ಸೊಪ್ಪು, ಕಾಳು ಜಾಸ್ತಿ ತಿನ್ನಿ ಎಂದು ಒಂದು ಚೀಟಿ ಹೇಳುತ್ತದೆ. ಹೃದಯಕ್ಕೆ ಹಣ್ಣು, ಬೀಜಗಳು ಒಳ್ಳೆಯವು ಎನ್ನುತ್ತದೆ ಇನ್ನೊಂದು. ಕಿಡ್ನಿಯ ಚೀಟಿಯಲ್ಲಿ ಇವೇ ಪದಾರ್ಥಗಳ ಎದುರು ‘ಬೇಡ’ ಎಂದಿರುತ್ತದೆ. ಮೂರನ್ನೂ ಅಕ್ಷರಶಃ ಪಾಲಿಸಲು ಹೊರಟವರಿಗೆ ಗಂಜಿ, ಮೊಸರನ್ನದ ಆಚೆ ಏನೂ ಉಳಿಯುವುದಿಲ್ಲ. ಕೆಲವೇ ತಿಂಗಳಲ್ಲಿ ತೋಳು ತೊಡೆಯ ಮಾಂಸಖಂಡ ಕರಗಿ ನಿಶ್ಶಕ್ತಿ ಬರುತ್ತದೆ, ಅದು ಕಾಯಿಲೆಯ ಲಕ್ಷಣವೆಂದೇ ಮನೆಯವರು ಭಾವಿಸುತ್ತಾರೆ. ಆದ್ದರಿಂದ ಮೂರು ಚೀಟಿಗಳ ‘ಬೇಡ’ಗಳನ್ನು ಒಟ್ಟುಗೂಡಿಸುವುದೇ ತಪ್ಪು ದಾರಿ. ರಕ್ತಪರೀಕ್ಷೆಯ ವರದಿ ಮುಂದಿಟ್ಟುಕೊಂಡು, ಯಾವುದು ಮೊದಲು ಯಾವುದು ನಂತರ ಎಂದು ನಿರ್ಧರಿಸಿ ಒಂದೇ ಪಟ್ಟಿ ಮಾಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಯಸ್ಸು 62, ತೂಕ 60 ಕಿಲೋ. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ ಇದೆ. ಕಿಡ್ನಿಯ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್‌ಆರ್ 28ಕ್ಕೆ ಇಳಿದಿದೆ, ಪೊಟ್ಯಾಸಿಯಂ 5.8ಕ್ಕೆ ಏರಿದೆ. ಈ ವರದಿಯಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು ಸಕ್ಕರೆಯ ಮೇಲಲ್ಲ, ಪೊಟ್ಯಾಸಿಯಂ ಮೇಲೆ. ಅದು ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. ಸಕ್ಕರೆ ಸ್ವಲ್ಪ ಹೆಚ್ಚಿದ್ದರೆ ಹಾನಿ ಆಗಲು ತಿಂಗಳು, ವರ್ಷ ಬೇಕು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹಠಾತ್ತಾಗಿ ತಪ್ಪಬಹುದು, ಅದೂ ಮುನ್ಸೂಚನೆ ಇಲ್ಲದೆ. 5.8 ಬಂದ ದಿನವೇ ವೈದ್ಯರಿಗೆ ತಿಳಿಸಬೇಕು. ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಆದರೆ ಅವೇ ಕಿಡ್ನಿಯನ್ನೂ ಕಾಯುವುದರಿಂದ ತಾವಾಗಿಯೇ ನಿಲ್ಲಿಸಬಾರದು.

ಹಣ್ಣು ತರಕಾರಿ ಹೃದಯಕ್ಕೆ ಒಳ್ಳೆಯದೆಂದು ಅಧ್ಯಯನಗಳೇ ಹೇಳುವಾಗ ಅದನ್ನು ಕಡಿಮೆ ಮಾಡಿ ಎನ್ನುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಹಜ. ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು ಹೆಚ್ಚಿರುವ ಊಟದಿಂದ ಬಿಪಿ ಇಳಿಯುತ್ತದೆಂದು ತೋರಿಸಿದ ಪ್ರಸಿದ್ಧ ಡ್ಯಾಶ್ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಿಡ್ನಿ ದುರ್ಬಲವಾದವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಅದರ ಫಲಿತಾಂಶವನ್ನು ನಮ್ಮ ಉದಾಹರಣೆಯ ವ್ಯಕ್ತಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಕಿಡ್ನಿ ಕಾಯಿಲೆ ಇದ್ದೂ ಪೊಟ್ಯಾಸಿಯಂ 4.4 ಇದ್ದವರಿಗೆ ಹಣ್ಣು ಬಿಡಿಸಲು ಕಾರಣವೇ ಇಲ್ಲ. ನಿರ್ಬಂಧ ಹುಟ್ಟಬೇಕಾದದ್ದು ವರದಿಯ ಅಂಕಿಯಿಂದ, ಕಾಯಿಲೆಯ ಹೆಸರಿನಿಂದಲ್ಲ.

ಪೊಟ್ಯಾಸಿಯಂ ಏರಿದವರ ಅಡುಗೆಮನೆಯಲ್ಲಿ ಬದಲಾಗಬೇಕಾದ್ದು ಬೇಯಿಸುವ ಕ್ರಮ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಆಲೂಗಡ್ಡೆ, ಸೊಪ್ಪು, ಕಾಳುಗಳನ್ನು ಸಣ್ಣಗೆ ಹೆಚ್ಚಿ ಅಥವಾ ನೆನೆಸಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಸಾಕಷ್ಟು ಪಾಲು ಹೊರಟುಹೋಗುತ್ತದೆ. ಕುಕ್ಕರಿನಲ್ಲಿ ಬೇಯಿಸಿ ನೀರನ್ನೆಲ್ಲ ಹುಳಿಗೆ ಸೇರಿಸಿದರೆ ಎಲ್ಲವೂ ಒಳಗೇ ಉಳಿಯುತ್ತದೆ. ನಮ್ಮ ಬಸ್ಸಾರನ್ನೇ ನೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ದೇ ಸಾರು. ಇಂಥವರು ಪಲ್ಯ ಒಂದಿಷ್ಟು ತಿನ್ನಬಹುದು, ಸಾರನ್ನು ಬಿಡಬೇಕು. ಸಾರು ತಾನೇ, ತೆಳ್ಳಗಿದೆ ಎಂದು ಎರಡು ಲೋಟ ಕುಡಿಯುವವರು ಬಿಸಾಡಬೇಕಾದದ್ದನ್ನೇ ಕುಡಿಯುತ್ತಿರುತ್ತಾರೆ. ಸೋರೆ, ಹೀರೆ, ಸೌತೆಕಾಯಿ, ಎಲೆಕೋಸಿನಲ್ಲಿ ಪೊಟ್ಯಾಸಿಯಂ ಕಡಿಮೆ. ಬಾಳೆಹಣ್ಣಿನ ಜಾಗಕ್ಕೆ ಸೇಬಿನ ಹೋಳು ಬರಲಿ. ಎಳನೀರು ತಂಪೆಂದು ಆಸ್ಪತ್ರೆಗೆ ನೋಡಲು ಬಂದವರೆಲ್ಲ ತರುತ್ತಾರೆ. ಒಂದು ಎಳನೀರಿನಲ್ಲೇ ಅರ್ಧ ಗ್ರಾಮಿಗಿಂತ ಹೆಚ್ಚು ಪೊಟ್ಯಾಸಿಯಂ ಇರಬಹುದು, ಇವರ ಮಟ್ಟಿಗೆ ಅದು ಅಪಾಯ.

ಎರಡನೆಯ ಹೆಜ್ಜೆ ಉಪ್ಪು. ಮೂರು ಚೀಟಿಗಳೂ ಒಪ್ಪುವ ಒಂದೇ ವಿಷಯ ಇದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಮಟ್ಟಸವಾದ ಒಂದು ಟೀ ಚಮಚ. ಆದರೆ ದಿನಾ ಚಮಚ ಹಿಡಿದು ಅಳೆಯುವವರು ಯಾರು? ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು ಕನಿಷ್ಠ 50 ದಿನ ಬರಬೇಕು. ತಿಂಗಳೊಳಗೇ ಮುಗಿದರೆ ಉಪ್ಪು ಹೆಚ್ಚಾಗಿದೆ ಎಂದರ್ಥ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪು ಇದರ ಮೇಲಿನದ್ದು. ಸೈಂಧವ ಲವಣ ಬಳಸಿದರೆ ಸರಿಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಎಂದು ಮಾರುವ ಉಪ್ಪು ಪೊಟ್ಯಾಸಿಯಂ ಏರಿದವರಿಗೆ ಇನ್ನೂ ಕೆಟ್ಟದ್ದು. ಅದರಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ನಿಂಬೆರಸ, ಜೀರಿಗೆ, ಮೆಣಸು, ಇಂಗಿನಿಂದ ರುಚಿ ತುಂಬುವುದೇ ಕ್ಷೇಮ.

ಮೂರನೆಯದು ಪ್ರೋಟೀನ್. ಕಿಡ್ನಿ ಕಾಯಿಲೆ ಎಂದೊಡನೆ ಬೇಳೆ, ಮೊಟ್ಟೆ ಪೂರ್ತಿ ಬಿಡಿಸುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಡಯಾಲಿಸಿಸ್‌ಗೆ ಹೋಗದವರಿಗೆ ತೂಕದ ಪ್ರತಿ ಕಿಲೋಗೆ 0.8 ಗ್ರಾಂ ಎಂಬುದು ಈಗಿನ ಮಾರ್ಗಸೂಚಿ. 60 ಕಿಲೋದವರಿಗೆ ದಿನಕ್ಕೆ 48 ಗ್ರಾಂ. ಹಸಿ ಲೆಕ್ಕದಲ್ಲಿ 200 ಗ್ರಾಂ ಅಕ್ಕಿ ಅಥವಾ ರಾಗಿಯಿಂದ ಸುಮಾರು 15 ಗ್ರಾಂ, 60 ಗ್ರಾಂ ಬೇಳೆಯಿಂದ 13, 300 ಮಿಲಿ ಹಾಲು ಮೊಸರಿನಿಂದ 10, ಒಂದು ಮೊಟ್ಟೆಯಿಂದ 6, ತರಕಾರಿಯಿಂದ ಮೂರ್ನಾಲ್ಕು ಗ್ರಾಂ ಸಿಕ್ಕರೆ ಲೆಕ್ಕ ಮುಗಿಯಿತು. ರಾಗಿಯಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಅಕ್ಕಿಗಿಂತ ಹೆಚ್ಚು, ಆದ್ದರಿಂದ ಪೊಟ್ಯಾಸಿಯಂ ಇಳಿಯುವ ತನಕ ದಿನಕ್ಕೊಂದು ಚಿಕ್ಕ ಮುದ್ದೆ ಸಾಕು. ಅಕ್ಕಿಗೆ ಮರಳಿದಾಗ ಸಕ್ಕರೆ ಏರುವುದಿಲ್ಲವೇ ಎಂದರೆ, ಏರಬಹುದು. ಅನ್ನದ ಅಳತೆ ನಿಗದಿ ಮಾಡಿ, ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಹೊಂದಿಸಿಕೊಳ್ಳುವುದೇ ಅದಕ್ಕೆ ದಾರಿ.

ಇನ್ಸುಲಿನ್ ವಿಚಾರದಲ್ಲಿ ಇನ್ನೊಂದು ಎಚ್ಚರ ಬೇಕು. ಕಿಡ್ನಿ ಸೋತಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಿಂದಿನ ಪ್ರಮಾಣಕ್ಕೇ ಸಕ್ಕರೆ ತೀರ ಇಳಿಯಬಹುದು. ಬೆವರು, ನಡುಕ, ಗಲಿಬಿಲಿ ಕಂಡು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಕಿತ್ತಳೆ ರಸ, ಎಳನೀರು ಬೇಡ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇಷ್ಟನ್ನು ರೋಗಿಗೆ ಕಲಿಸುವ ನರ್ಸ್ ಅಥವಾ ಡಯಟೀಶಿಯನ್ ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ‘ಆಯ್ತು’ ಎಂದೇ ತಲೆಯಾಡಿಸುತ್ತಾರೆ. ‘ನಾಳೆ ಸೊಪ್ಪಿನ ಪಲ್ಯ ಹೇಗೆ ಮಾಡುತ್ತೀರಮ್ಮ, ಹೇಳಿ’ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ತಿದ್ದಬೇಕು. ಅಡುಗೆ ಮಾಡುವವರು ಎದುರಿಗಿಲ್ಲದಿದ್ದರೆ ಪಾಠ ಅರ್ಧಕ್ಕೇ ನಿಂತಂತೆ. ಗ್ರಾಮಿನ ಬದಲು ಅವರ ಮನೆಯ ಬಟ್ಟಲಿನ ಅಳತೆ ತೋರಿಸಬೇಕು. ಬೆಳಿಗ್ಗೆ ಮೂತ್ರ ಮಾಡಿ ಬಂದು ತೂಕ ನೋಡಲು ಹೇಳಿಕೊಡಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ದೇಹದಲ್ಲಿ ನಿಂತ ನೀರು, ತಡಮಾಡದೆ ವೈದ್ಯರಿಗೆ ಹೇಳಬೇಕು. ದಿನಕ್ಕೆ ಎಷ್ಟು ನೀರು ಎಂಬುದನ್ನೂ ಅವರೇ ನಿಗದಿ ಮಾಡಬೇಕು.

ಈ ಪಟ್ಟಿಗೂ ಅವಧಿ ಇದೆ. ಪೊಟ್ಯಾಸಿಯಂ ಇಳಿದರೆ ಹಣ್ಣು ಮರಳಬೇಕು. ಡಯಾಲಿಸಿಸ್ ಶುರುವಾದರೆ ಪ್ರೋಟೀನ್ ಕಿಲೋಗೆ 1ರಿಂದ 1.2 ಗ್ರಾಮಿಗೆ ಏರಬೇಕು. ಪ್ರತಿ ಹೊಸ ವರದಿ ಬಂದಾಗಲೂ ಮೂರೂ ಚೀಟಿ, ಮಾತ್ರೆಗಳ ಪಟ್ಟಿಯನ್ನು ಒಂದೇ ಕವರಿನಲ್ಲಿ ಒಯ್ದು, ಪಥ್ಯವನ್ನು ಹೊಸದಾಗಿ ಬರೆಸಿಕೊಳ್ಳಿ.