ಆಧಾರ್ ಊರಿನದು, ವಾಸ ಬೆಂಗಳೂರಿನಲ್ಲಿ

ಉಳಿತಾಯ ಖಾತೆ ತೆರೆಯಲು ಆಧಾರ್, ಪ್ಯಾನ್, ಫೋಟೊ ಹಿಡಿದು ಹೊರಟಿದ್ದೀರಾ? ಆಧಾರ್‌ನಲ್ಲಿರುವ ವಿಳಾಸವನ್ನೊಮ್ಮೆ ನೋಡಿಕೊಳ್ಳಿ. ಅದು ಹಾವೇರಿಯದಾಗಿದ್ದು, ನೀವಿರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಾದರೆ, ಈಗಿನ ವಿಳಾಸಕ್ಕೂ ಪುರಾವೆ ಕೇಳಬಹುದು. ಪ್ಯಾನ್ ಕಾರ್ಡಿನಲ್ಲಿ ವಿಳಾಸವೇ ಇರುವುದಿಲ್ಲ. ಕರೆಂಟ್ ಬಿಲ್ ಸಾಮಾನ್ಯವಾಗಿ ಮನೆ ಮಾಲೀಕರ ಹೆಸರಿನಲ್ಲಿರುತ್ತದೆ. ನಿಮ್ಮದೇ ಹೆಸರಿನ, ಎರಡು ತಿಂಗಳೊಳಗಿನ ಪೈಪ್ ಗ್ಯಾಸ್ ಅಥವಾ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ ತಾತ್ಕಾಲಿಕವಾಗಿ ನಡೆಯುತ್ತದೆ. ಆದರೆ ಮೂರು ತಿಂಗಳೊಳಗೆ ಹೊಸ ವಿಳಾಸದ ಗುರುತಿನ ದಾಖಲೆ ಕೊಡಬೇಕು.

ಇಷ್ಟೊಂದು ಕೇಳುವುದೇಕೆ? ಬೇರೆಯವರ ಹೆಸರಿನಲ್ಲಿ ಖಾತೆ ತೆರೆದು ವಂಚನೆಯ ಹಣ ಸಾಗಿಸುವವರಿದ್ದಾರೆ. ಖಾತೆಯ ಹಿಂದಿರುವವರು ಯಾರು, ಎಲ್ಲಿದ್ದಾರೆ ಎಂದು ಬ್ಯಾಂಕ್ ಖಚಿತಪಡಿಸಿಕೊಳ್ಳಲೇಬೇಕೆಂದು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಹೇಳುತ್ತದೆ. ಜೆರಾಕ್ಸ್ ಜೊತೆ ಮೂಲ ದಾಖಲೆಗಳನ್ನೂ ಒಯ್ಯಿರಿ; ಪ್ರತಿ ಜೆರಾಕ್ಸ್ ಮೇಲೂ ‘ಖಾತೆ ತೆರೆಯಲು ಮಾತ್ರ’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿ.