ಕಾರ್ಡಿನ ಮೇಲಿನ ಐವತ್ತು ಸಾವಿರ

ಪ್ರಶ್ನೆ: ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇವೆ. ಮಾರ್ಚ್‌ನಲ್ಲಿ ಅಪ್ಪ, ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಬರುತ್ತಿದ್ದಾರೆ. ಅಪ್ಪನಿಗೆ 68 ವರ್ಷ. ಬಿಪಿ, ಶುಗರ್ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಸ್ನೇಹಿತರು 50,000 ಡಾಲರ್‌ನ ಒಂದು ವಿಸಿಟರ್ ಇನ್ಶೂರೆನ್ಸ್ ತೋರಿಸಿದ್ದಾರೆ, ತುಂಬ ಅಗ್ಗ. ಮನೆ ಕೊಳ್ಳಲೆಂದು ಏಳು ವರ್ಷ ಕೂಡಿಟ್ಟ ಹಣ ಒಂದು ಆಸ್ಪತ್ರೆ ಬಿಲ್ಲಿಗೆ ಹೋಗಿಬಿಟ್ಟರೆ ಎಂಬ ಭಯ. ಈ ಪಾಲಿಸಿ ಸಾಕೇ?

ಉತ್ತರ: ಸಾಲದು. ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ. 50,000 ಚಿಕ್ಕ ಮೊತ್ತ ಎನ್ನುವುದಕ್ಕಿಂತ, ಅಷ್ಟು ಹಣ ನಿಮ್ಮ ಕೈಗೆ ಬರುವುದೇ ಇಲ್ಲ ಎನ್ನುವುದು ದೊಡ್ಡ ತೊಂದರೆ.

ಅಗ್ಗದ ಪಾಲಿಸಿಗಳು ಸಾಮಾನ್ಯವಾಗಿ ‘ಫಿಕ್ಸೆಡ್ ಬೆನಿಫಿಟ್’ ಬಗೆಯವು. ಅವು ಬಿಲ್ಲು ನೋಡಿ ಹಣ ಕೊಡುವುದಿಲ್ಲ, ತಮ್ಮ ಪಟ್ಟಿ ನೋಡಿ ಕೊಡುತ್ತವೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಅಮ್ಮನಿಗೆ ನ್ಯುಮೋನಿಯಾ ಆಗಿ ಮೂರು ರಾತ್ರಿ ಆಸ್ಪತ್ರೆಯಲ್ಲಿದ್ದರು, ಬಿಲ್ಲು 60,000 ಡಾಲರ್. ಪಟ್ಟಿಯಲ್ಲಿ ವಾರ್ಡಿಗೆ ದಿನಕ್ಕೆ 1,500, ಎಮರ್ಜೆನ್ಸಿಗೆ 500, ಸ್ಕ್ಯಾನ್‌ಗೆ 600, ವೈದ್ಯರು ಬಂದು ನೋಡಿದ್ದಕ್ಕೆ ದಿನಕ್ಕೆ 100 ಎಂದಿದೆ. ಒಟ್ಟು 5,900. ಉಳಿದ 54,100 ನಿಮ್ಮ ತಲೆಗೆ. ಕಾರ್ಡಿನ ಮೇಲಿನ ಸಂಖ್ಯೆ ಮುಟ್ಟಿಯೇ ಇಲ್ಲ.

ಇನ್ನೊಂದು ಬಗೆ ‘ಕಾಂಪ್ರಹೆನ್ಸಿವ್’. ಇದರಲ್ಲಿ ಮೊದಲ 250 ಡಾಲರ್ ಡಿಡಕ್ಟಿಬಲ್, ನಂತರದ 5,000ಕ್ಕೆ ನಿಮ್ಮ ಪಾಲು 20 ಪರ್ಸೆಂಟ್, ಆಮೇಲಿನದ್ದೆಲ್ಲ ಮಿತಿಯವರೆಗೆ ಕಂಪನಿಯದು ಎಂಬಂಥ ಏರ್ಪಾಡು ಇರುತ್ತದೆ. ಮಿತಿ 1,00,000 ಇರುವ ಪಾಲಿಸಿಯಾದರೆ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಅದೇ ನ್ಯುಮೋನಿಯಾಕ್ಕೆ ನೀವು ಕೊಡುವುದು 1,250. ಪ್ರೀಮಿಯಂ ಹೆಚ್ಚು, ನಿಜ. ನಾನಾದರೆ ಬೇರೆ ಯಾವುದಾದರೂ ಖರ್ಚು ಕಡಿಮೆ ಮಾಡಿ ಇದನ್ನೇ ಕೊಳ್ಳುತ್ತಿದ್ದೆ. ಕೊಳ್ಳುವ ಮೊದಲು ಪಾಲಿಸಿಯ ಪೂರ್ತಿ ಕಾಗದ ತರಿಸಿಕೊಂಡು ಓದಿ. ಒಂದೊಂದು ಚಿಕಿತ್ಸೆಯ ಎದುರು ಒಂದೊಂದು ಡಾಲರ್ ಮೊತ್ತ ಕಂಡರೆ ಅದು ಫಿಕ್ಸೆಡ್, ಪರ್ಸೆಂಟ್ ಕಂಡರೆ ಕಾಂಪ್ರಹೆನ್ಸಿವ್.

ಅಪ್ಪನ ವಿಷಯ ಇನ್ನೂ ಸೂಕ್ಷ್ಮ. ಸ್ಟೆಂಟ್, ಬಿಪಿ, ಶುಗರ್ ಮೂರೂ ‘ಪ್ರೀ ಎಕ್ಸಿಸ್ಟಿಂಗ್’, ಎಂದರೆ ಮೊದಲೇ ಇದ್ದ ಕಾಯಿಲೆಗಳು. ಒಳ್ಳೆಯ ಪಾಲಿಸಿಗಳೂ ಇವಕ್ಕೆ ‘ಅಕ್ಯೂಟ್ ಆನ್‌ಸೆಟ್’ ಎಂಬ ಕಿರುಬಾಗಿಲನ್ನಷ್ಟೇ ತೆರೆದಿಡುತ್ತವೆ. ಮುನ್ಸೂಚನೆ ಇಲ್ಲದೆ ಹಠಾತ್ತನೆ ಬಂದಿರಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ಎರಡು ದಿನ ಎದೆ ಹಿಡಿದಂತಿದ್ದರೂ ‘ಗ್ಯಾಸ್ ಇರಬೇಕು ಬಿಡು’ ಎಂದು ಶುಂಠಿ ಕಷಾಯ ಕುಡಿದು ಮಲಗಿದ್ದು ಆಸ್ಪತ್ರೆಯ ದಾಖಲೆಯಲ್ಲಿ ಬಂದರೆ ಕ್ಲೇಮು ಬಿದ್ದುಹೋಗಬಹುದು. ಜೀವಕ್ಕೂ ಅದೇ ಅಪಾಯ. ಮಕ್ಕಳಿಗೆ ಖರ್ಚು ಬೇಡವೆಂದು ನೋವು ಮುಚ್ಚಿಡುವ ಹಿರಿಯರಿಗೆ ಇದನ್ನು ಬರುವ ಮೊದಲೇ ಹೇಳಿ. ಹೃದಯದ ತೊಂದರೆಗೆ ಬೇರೆ, ಕಡಿಮೆ ಮಿತಿ ಇದೆಯೇ? ಪ್ರಯಾಣಕ್ಕೆ ಸ್ವಲ್ಪ ಮೊದಲು ಮಾತ್ರೆ ಬದಲಾಗಿದ್ದರೆ ಒಪ್ಪುತ್ತಾರೆಯೇ? ಈ ಎರಡನ್ನೂ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. 70 ದಾಟಿದವರಿಗೆ ಈ ಮಿತಿಗಳು ಕುಸಿಯುತ್ತವೆ. ಹಾಗಾಗಿ ಈ ಪ್ರಯಾಣ ಮುಂದೂಡದಿರುವುದೇ ಲೇಸು. ಮೊದಲೇ ಇದ್ದ ಕಾಯಿಲೆಗೂ ಒಂದು ಮಿತಿಯವರೆಗೆ ಕೊಡುವ ಕೆಲವು ದುಬಾರಿ ಪಾಲಿಸಿಗಳಿವೆ. ಸ್ಟೆಂಟ್ ಇರುವ ಅಪ್ಪನಿಗೆ ಅದರ ಬೆಲೆ ವಿಚಾರಿಸಿ, ಅಮ್ಮನಿಗೆ ಸಾಮಾನ್ಯ ಕಾಂಪ್ರಹೆನ್ಸಿವ್ ಕೊಳ್ಳಿ. ಇಬ್ಬರಿಗೂ ಒಂದೇ ಪಾಲಿಸಿ ಇರಬೇಕೆಂದೇನಿಲ್ಲ.

ಟೆಕ್ಸಸ್‌ನದೇ ಒಂದು ಬಲೆ ಇದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಅಂಗಡಿ ಸಾಲಿನಲ್ಲಿ, ಪಿಜ್ಜಾ ಅಂಗಡಿಯ ಪಕ್ಕ, ‘ಎಮರ್ಜೆನ್ಸಿ’ ಎಂದು ಕೆಂಪು ಅಕ್ಷರದ ಫಲಕ ಹೊತ್ತ ಪುಟ್ಟ ಕಟ್ಟಡಗಳಿವೆ. ಆಸ್ಪತ್ರೆಗೆ ಅಂಟಿಕೊಂಡಿರದ ಇಂಥ ಕೇಂದ್ರಗಳಿಗೆ ರಾಜ್ಯ 2009ರ ಕಾನೂನಿನಡಿ ಲೈಸೆನ್ಸ್ ಕೊಡುತ್ತದೆ. ನೋಡಲು ಅರ್ಜೆಂಟ್ ಕೇರ್ ತರಹ, ಬಿಲ್ಲು ಮಾತ್ರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಯದು. ಅನೇಕ ಕೇಂದ್ರಗಳು ನೆಟ್‌ವರ್ಕಿನಲ್ಲೂ ಇರುವುದಿಲ್ಲ. ಜ್ವರ, ಕೆಮ್ಮು, ಮೂತ್ರದ ಉರಿಗೆ ‘ಅರ್ಜೆಂಟ್ ಕೇರ್’ ಎಂದೇ ಬರೆದಿರುವ ಕಡೆ ಹೋಗಿ. ಎದೆನೋವಿಗೆ ಏನೂ ಯೋಚಿಸದೆ 911.

ಆಸ್ಪತ್ರೆಯಲ್ಲಿ ಹಣದ ಮಾತಿಗಾಗಿ ತುರ್ತು ತಪಾಸಣೆಯನ್ನು ತಡೆಯುವಂತಿಲ್ಲ, 1986ರಿಂದ ಇದು ಅಮೆರಿಕದ ಕಾನೂನು. ಆದರೆ ಗಡಿಬಿಡಿಯಲ್ಲಿ ನಿಮ್ಮ ಮುಂದೆ ಒಂದು ಟ್ಯಾಬ್ಲೆಟ್ ಹಿಡಿಯುತ್ತಾರೆ. ಅದರಲ್ಲಿ ‘ಗ್ಯಾರಂಟರ್’ ಎಂಬ ಜಾಗ ಇರುತ್ತದೆ. ಅಲ್ಲಿ ಸಹಿ ಮಾಡಿದರೆ ಬಿಲ್ಲು ನಿಮ್ಮದಾಗುತ್ತದೆ. ತಂದೆತಾಯಿಯ ಬಿಲ್ಲನ್ನು ಮಕ್ಕಳೇ ತೀರಿಸಬೇಕೆಂಬ ಕಾನೂನು ಟೆಕ್ಸಸ್‌ನಲ್ಲಿಲ್ಲ, ಸಹಿಯೇ ಆ ಹೊಣೆ ಹೊರಿಸುವುದು. ಅಪ್ಪ ಎಚ್ಚರವಿದ್ದರೆ ಅವರೇ ತಮ್ಮ ಹೆಸರಿನಲ್ಲಿ ಸಹಿ ಮಾಡಲಿ.

ಬಿಲ್ಲು ಬಂದರೂ ಒಡನೆಯೇ ಕ್ರೆಡಿಟ್ ಕಾರ್ಡಿಗೆ ಹಾಕಬೇಡಿ. ಮೊದಲು ಬಾಬುವಾರು ಬಿಲ್ಲು ಕೇಳಿ. ಲಾಭರಹಿತ ಆಸ್ಪತ್ರೆಯಾದರೆ ‘ಫೈನಾನ್ಶಿಯಲ್ ಅಸಿಸ್ಟೆನ್ಸ್’ ಅರ್ಜಿ ತರಿಸಿಕೊಳ್ಳಿ. ಮೊದಲ ಬಿಲ್ಲಿನಿಂದ 240 ದಿನ ಅವರು ಅರ್ಜಿ ತೆಗೆದುಕೊಳ್ಳಲೇಬೇಕು. ಯಾರಿಗೆ ರಿಯಾಯಿತಿ ಎನ್ನುವ ನಿಯಮ ಆಸ್ಪತ್ರೆಗೊಂದು ತರಹ. ಕೆಲವರು ಸ್ಥಳೀಯ ನಿವಾಸಿಗಳಿಗೆ ಮಾತ್ರ ಕೊಡುತ್ತಾರೆ.

ಪಾಲಿಸಿ ವಿಮಾನ ಹತ್ತುವ ದಿನದಿಂದಲೇ ಶುರುವಾಗಲಿ. ಅಪ್ಪ ಬರುವಾಗ ಆರು ತಿಂಗಳ ಮಾತ್ರೆ, ಡಾಕ್ಟರ ಚೀಟಿ, ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಸಮರಿ, ಈಚಿನ ಇಸಿಜಿ ಇವಿಷ್ಟನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಲಗೇಜಿಗೆ ಹಾಕುವುದು ಬೇಡ.