ಬಾಡಿಗೆ ಮನೆಗೆ ಹೋಗುವ ದಿನದ ಪಟ್ಟಿ ಮತ್ತು ಫೋಟೊ

ಬಾಡಿಗೆ ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಹಣದ ವಿಷಯದಲ್ಲಿ ಜಗಳ ಎದ್ದರೆ ಅದು ಸಾಮಾನ್ಯವಾಗಿ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಈ ಬಿರುಕು ಮೊದಲೇ ಇತ್ತೇ, ಬಾಡಿಗೆದಾರ ಬಂದ ಮೇಲೆ ಆಯಿತೇ? ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಸ್ವಾಧೀನಕ್ಕೆ ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೂ ತಡೆಯಲಾಗದ ಪ್ರಕೃತಿ ವಿಕೋಪದಂಥ ಕಾರಣಕ್ಕೂ ಅವನು ಹೊಣೆಯಲ್ಲ. ಹೀಗೆ ಕಾನೂನು ಅಳೆಯುವುದು ಸ್ವಾಧೀನದ ದಿನದ ಸ್ಥಿತಿಯಿಂದ. ಆ ದಿನ ಮನೆ ಹೇಗಿತ್ತು ಎಂಬುದಕ್ಕೆ ದಾಖಲೆಯೇ ಇಲ್ಲದಿದ್ದರೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಹನ್ನೊಂದು ತಿಂಗಳ ಕರಾರುಗಳಲ್ಲಿ ಕೊನೆಗೊಂದು ಅನುಬಂಧ ಇರುವುದುಂಟು. ‘ಫ್ಯಾನ್ 4, ಟ್ಯೂಬ್‌ಲೈಟ್ 5, ಗೀಸರ್ 1’ ಎಂದು ಬರೆದರೆ ಅದು ಮುಗಿಯಿತು. ವಸ್ತು ಇದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿ. ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಇದು ಹೇಳುವುದೇ ಇಲ್ಲ. ಉಪಯುಕ್ತ ಪಟ್ಟಿ ಕೋಣೆ ಕೋಣೆಯಾಗಿ ಸಾಗುತ್ತದೆ: ‘ಬಚ್ಚಲು: ವಾಷ್‌ಬೇಸಿನ್ನಿನ ಎಡ ಅಂಚಿನಲ್ಲಿ ಸುಮಾರು ಎರಡು ಇಂಚು ಸೀಳು. ಗೀಸರ್ ಕೆಲಸ ಮಾಡುತ್ತಿದೆ. ನಲ್ಲಿ ತೊಟ್ಟಿಕ್ಕುತ್ತದೆ.’ ‘ಚೆನ್ನಾಗಿದೆ’ ಎಂಬ ಒಂದೇ ಪದಕ್ಕಿಂತ ಇಂಥ ಒಂದು ಸಾಲಿಗೆ ಬೆಲೆ ಹೆಚ್ಚು. ಎಲ್ಲ ನಲ್ಲಿಗಳನ್ನೂ ಸ್ವಿಚ್ಚುಗಳನ್ನೂ ಬಳಸಿ ನೋಡಿ, ವಾರ್ಡ್‌ರೋಬಿನ ಬಾಗಿಲು ತೆರೆದು, ಅಡುಗೆ ಕಟ್ಟೆಯ ಕೆಳಗೂ ಇಣುಕಿ ಬರೆಯಬೇಕು. ವಿದ್ಯುತ್ ಮೀಟರಿನ ರೀಡಿಂಗ್ ಮತ್ತು ಕೊಟ್ಟ ಕೀಲಿಗಳ ಸಂಖ್ಯೆಯೂ ಅದರಲ್ಲಿ ಸೇರಬೇಕು. ಎರಡು ಪ್ರತಿ ಮಾಡಿ, ಇಬ್ಬರೂ ಪ್ರತಿ ಪುಟಕ್ಕೆ ದಿನಾಂಕ ಸಹಿತ ಸಹಿ ಹಾಕಿದರೆ ಅದು ಕರಾರಿನಷ್ಟೇ ಗಟ್ಟಿ ಕಾಗದ.

ಮಾಲೀಕರು ಸಹಿಗೆ ಒಪ್ಪದಿರುವುದು ಅಪರೂಪವಲ್ಲ. ಆಗ ಫೋಟೊ ನೆರವಿಗೆ ಬರುತ್ತದೆ. ಸಾಮಾನು ಇಳಿಸುವ ಮುನ್ನ, ಖಾಲಿ ಮನೆಯಲ್ಲೇ ತೆಗೆದದ್ದು ಉತ್ತಮ. ಮೊದಲು ಇಡೀ ಕೋಣೆ ಕಾಣುವಂತೆ ಒಂದು, ಆಮೇಲೆ ಹಾಳಾದ ಜಾಗದ ಹತ್ತಿರದ್ದೊಂದು. ಹತ್ತಿರದ್ದು ಮಾತ್ರ ಇದ್ದರೆ ‘ಇದು ನಮ್ಮ ಮನೆಯ ಬೇಸಿನ್ನೇ ಅಲ್ಲ’ ಎಂಬ ವಾದಕ್ಕೆ ದಾರಿಯಾಗುತ್ತದೆ. ಚಿತ್ರದ ಮೇಲೆ ಅಚ್ಚಾದ ದಿನಾಂಕವನ್ನು ಆಪ್ ಬಳಸಿ ಯಾರು ಬೇಕಾದರೂ ಬರೆಯಬಹುದು, ಅದನ್ನೇ ನೆಚ್ಚಿಕೊಳ್ಳಬಾರದು. ಚಿತ್ರವನ್ನು ಯಾವಾಗ ತೆಗೆದದ್ದು ಎಂಬ ಮಾಹಿತಿ ಮೂಲ ಫೈಲಿನೊಳಗೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಅದು ಉಳಿಯುವುದಿಲ್ಲ. ಹಾಗಾಗಿ ಮೂಲವನ್ನು ಫೋನಿನಲ್ಲಿಯೂ ಬೇರೊಂದು ಕಡೆಯೂ ಕಾಪಾಡಿಕೊಂಡು, ಅದೇ ದಿನ ಮಾಲೀಕರಿಗೆ ಇಮೇಲಿನಲ್ಲಿ, ‘ಮನೆಯ ಇಂದಿನ ಸ್ಥಿತಿ ಹೀಗಿದೆ, ತಪ್ಪಿದ್ದರೆ ತಿಳಿಸಿ’ ಎಂದು ಬರೆದು ಕಳಿಸಬೇಕು. ಫೋಟೊದ ದಿನಾಂಕವನ್ನು ಯಾರಾದರೂ ಪ್ರಶ್ನಿಸಬಹುದು. ಇಮೇಲ್ ತಲುಪಿದ ದಿನಾಂಕವನ್ನು ಪ್ರಶ್ನಿಸುವುದು ಅಷ್ಟು ಸುಲಭವಲ್ಲ. ಮಾಲೀಕರು ಆಗ ಸುಮ್ಮನಿದ್ದು, ವರ್ಷಗಳ ನಂತರ ತಕರಾರು ತೆಗೆದರೆ ಆ ಮೌನವೂ ಅವರ ವಿರುದ್ಧ ಪ್ರಶ್ನೆಯಾಗುತ್ತದೆ.

ಒಂದು ಉದಾಹರಣೆ: ಬೆಂಗಳೂರಿನಲ್ಲಿ ತಿಂಗಳಿಗೆ 20,000 ರೂಪಾಯಿ ಬಾಡಿಗೆ, 1,50,000 ಅಡ್ವಾನ್ಸ್. ಮೂರು ವರ್ಷದ ನಂತರ ಖಾಲಿ ಮಾಡಿದಾಗ ಮಾಲೀಕರು ಬಣ್ಣಕ್ಕೆ 20,000, ಸೀಳಿದ ಬೇಸಿನ್ನಿಗೆ 6,000, ತೇವದಿಂದ ಉಬ್ಬಿದ ವಾರ್ಡ್‌ರೋಬಿಗೆ 14,000 ಎಂದು 40,000 ಮುರಿದುಕೊಂಡರು. ಬೇಸಿನ್ನಿನ ಸೀಳು ಮೊದಲ ದಿನದ ಪಟ್ಟಿಯಲ್ಲೂ ಫೋಟೊದಲ್ಲೂ ಇದ್ದರೆ 6,000 ನಿಲ್ಲುವುದಿಲ್ಲ. ವಾರ್ಡ್‌ರೋಬಿನ ಹಿಂದಿನ ಗೋಡೆಯಲ್ಲಿ ಅಂದೇ ತೇವದ ಕಲೆ ಕಂಡಿದ್ದರೆ ಮರ ಉಬ್ಬಿದ್ದಕ್ಕೆ ಕಟ್ಟಡವೇ ಕಾರಣ ಎಂಬ ವಾದಕ್ಕೆ ಬಲ ಬರುತ್ತದೆ. ಬಣ್ಣದ ಕತೆ ಬೇರೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಹಿಡಿಯಲಾಗುವುದು ಎಂದು ಕರಾರಿನಲ್ಲೇ ಬರೆದು ಸಹಿಯಾಗಿದ್ದರೆ ಯಾವ ಫೋಟೊವೂ ಆ ಹಣವನ್ನು ಸುಲಭವಾಗಿ ಉಳಿಸುವುದಿಲ್ಲ. ಅದನ್ನು ಸಹಿಗೆ ಮುಂಚೆಯೇ ಚೌಕಾಸಿ ಮಾಡಬೇಕು.

ಹಣ ಬರದಿದ್ದರೆ ಮೊದಲು ವಕೀಲರ ಮೂಲಕ ನೋಟಿಸ್, ಆಮೇಲೆ ಸಿವಿಲ್ ದಾವೆ. ಬಾಡಿಗೆದಾರ ಅಡ್ವಾನ್ಸ್ ಕೊಟ್ಟದ್ದನ್ನು ರುಜುವಾತು ಮಾಡಬೇಕು. ಬ್ಯಾಂಕ್ ಮೂಲಕ ಪಾವತಿಸಿದ್ದರೆ ಅದು ಹಗುರ. ಹಾನಿ ಆಗಿದೆ, ಅದಕ್ಕಾಗಿ ಹಣ ಹಿಡಿದೆ ಎನ್ನುವ ಮಾಲೀಕರು ಆ ಹಾನಿಯನ್ನೂ ಅದರ ಮೊತ್ತವನ್ನೂ ರುಜುವಾತು ಮಾಡಬೇಕು. ಫೋಟೊ, ಇಮೇಲುಗಳ ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನ ಹೊಂದಿದವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕುತ್ತಾರೆ. ಮೂಲ ಫೈಲು ಅಳಿಸಿಹೋಗಿದ್ದರೆ ಇಲ್ಲಿಯೇ ತೊಡಕು. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಖಾಲಿ ಮಾಡುವ ದಿನ ಅದೇ ಪಟ್ಟಿ ಹಿಡಿದು, ಅದೇ ಕೋನಗಳಿಂದ ಮತ್ತೊಮ್ಮೆ ಫೋಟೊ ತೆಗೆದು ಕೀಲಿ ಒಪ್ಪಿಸಿದ್ದಕ್ಕೆ ರಸೀದಿ ಪಡೆದು, ಪೂರ್ತಿ ಹಣ ಕೈಸೇರುವವರೆಗೆ ಎರಡೂ ದಿನದ ಮೂಲ ಫೈಲುಗಳನ್ನು ಉಳಿಸಿಕೊಳ್ಳಬೇಕು.